ಸೋಮವಾರದ ಮೆಂತೆ

ಆಸ್ಪತ್ರೆಯ ನೌಕರಿಗೆ ಸೇರಿದ ಹೊಸದರಲ್ಲಿ ನನಗೆ ಕಲಿಸಿದ ಮೊದಲ ಕೆಲಸ ಉಸಿರು ಎಣಿಸುವುದು. ರೋಗಿಯ ಕೈ ಹಿಡಿದು ನಾಡಿ ನೋಡುವವಳಂತೆ ನಟಿಸಬೇಕು, ಕಣ್ಣು ಮಾತ್ರ ಎದೆಯ ಏರಿಳಿತದ ಮೇಲಿರಬೇಕು. ಎಣಿಸುತ್ತಿದ್ದಾರೆಂದು ಗೊತ್ತಾದರೆ ಮನುಷ್ಯ ಬೇರೆ ರೀತಿ ಉಸಿರಾಡುತ್ತಾನೆ. ಜ್ವರ ಏರಿದಾಗ ಉಸಿರೂ ಏರುತ್ತದೆ. ಅದನ್ನು ಚಾರ್ಟಿನಲ್ಲಿ ಬರೆದು, ಡಾಕ್ಟರಿಗೆ ತೋರಿಸಿ, ಮುಂದಿನ ಹಾಸಿಗೆಗೆ ಹೋಗಬೇಕು. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಕೊನೆಗೆ ಇಂಡಿ ಎಂದು ತಿರುಗಿ ನಿವೃತ್ತಿಯಾಗುವವರೆಗೆ ಅದೇ ನನ್ನ ದಿನಚರಿ. ನಿವೃತ್ತಿಯಾದ ಮೇಲೆ ಎಲೆಗಳ ಉಸಿರು ನೋಡಿಕೊಳ್ಳುವ ಕೆಲಸ ಬಂದೀತೆಂದು ಎಣಿಸಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನಿಡಗುಂದಿಯಿಂದ ಬಾಗೇವಾಡಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವೊಂದು ತಂಪು ಕೋಣೆ ಕಟ್ಟಿತ್ತು. ಕೊಯ್ದ ದ್ರಾಕ್ಷಿಯ ಬಿಸಿಯನ್ನು ಬೇಗ ಇಳಿಸಿ ದೂರದ ಊರಿಗೆ ಕಳಿಸುವುದಕ್ಕೆ ಅದು. ಬೇಸಿಗೆಯಲ್ಲಿ ದ್ರಾಕ್ಷಿ ಮುಗಿದರೆ ಉಳಿದ ತಿಂಗಳೆಲ್ಲ ಬೀಗ. ಸಂಘದ ಅಧ್ಯಕ್ಷರು ಕಬ್ಬು, ದ್ರಾಕ್ಷಿ ಎರಡೂ ಇದ್ದ ದೊಡ್ಡ ಜಮೀನುದಾರರು. ಗೋವೆಯ ಹೋಟೆಲುಗಳಿಗೆ ಕಾಯಿಪಲ್ಲೆ ಪೂರೈಸುವ ವ್ಯಾಪಾರಿಯೊಬ್ಬ ಅವರಿಗೆ ಗಂಟುಬಿದ್ದ. ಮಳೆಗಾಲದಲ್ಲಿ ಬೆಳಗಾವಿ ಕಡೆಯ ಸೊಪ್ಪು ನೆಲದಲ್ಲೇ ಕೊಳೆಯುತ್ತದೆ, ನಮ್ಮ ಬಯಲಿನ ಕಾಲುವೆ ನೀರಿನ ಮೆಂತೆ, ಕೊತ್ತಂಬರಿ ಚೊಕ್ಕಟವಾಗಿರುತ್ತವೆ. ತಂಪು ಮಾಡಿ ಕೊಟ್ಟರೆ ತನ್ನ ತಂಪು ಗಾಡಿ ಕಳಿಸುತ್ತೇನೆ ಎಂದ. ಕೋಣೆ ನೋಡಿಕೊಳ್ಳಲು ಗಡಿಯಾರ ನೋಡಿ ಕೆಲಸ ಮಾಡುವ ಒಬ್ಬರು ಬೇಕಿತ್ತು. ಅಧ್ಯಕ್ಷರ ತಾಯಿಯ ಕೊನೆಯ ದಿನಗಳಲ್ಲಿ ಶುಶ್ರೂಷೆ ಮಾಡಿದವಳು ನಾನು. ಮನೆಗೆ ಬಂದು ಕರೆದರು.

"ಸಿಸ್ಟರ್, ವರ್ಷಾನಗಟ್ಲೆ ಲಸಿಕಿ ಪೆಟಗಿ ಕಾಯ್ದೀರಿ. ಮೆಂತಿಪಲ್ಲೆ ಕಾಯೂದು ಏನ್ ದೊಡ್ಡ ಮಾತ್ರಿ?"

ದೊಡ್ಡ ಮಾತೇ ಆಗಿತ್ತು. ಲಸಿಕೆ ಪೆಟ್ಟಿಗೆಯಲ್ಲಿ ಸುಮ್ಮನೆ ಕೂರುತ್ತದೆ. ಸೊಪ್ಪು ಕೂರುವುದಿಲ್ಲ.

ಕೃಷಿ ಕಾಲೇಜಿನಿಂದ ಒಬ್ಬ ಮೇಷ್ಟ್ರು ಬಂದು ಒಂದು ದಿನ ಪಾಠ ಹೇಳಿದರು. ಕಿತ್ತ ಎಲೆಯೂ ಉಸಿರಾಡುತ್ತದೆ, ತನ್ನಲ್ಲಿರುವ ಸಕ್ಕರೆಯನ್ನು ಸುಟ್ಟುಕೊಂಡು ಬದುಕುತ್ತದೆ, ಸುಡುವಾಗ ಶಾಖ ಹೊರಡುತ್ತದೆ. ಗಿಡದಲ್ಲಿದ್ದಾಗ ಬೇರು ಉಣಿಸುತ್ತಿತ್ತು. ಕಿತ್ತ ಮೇಲೆ ಉಣಿಸುವವರಿಲ್ಲ, ಗಂಟು ಕರಗುತ್ತ ಹೋಗುತ್ತದೆ. ಗಡ್ಡೆ, ಕಾಯಿಗಳು ನಿಧಾನ. ಎಳೆಯ ಸೊಪ್ಪಿನದು ಬಲು ವೇಗದ ಉಸಿರು. ಬಿಸಿ ಹತ್ತು ಡಿಗ್ರಿ ಏರಿದರೆ ಆ ವೇಗ ಎರಡು ಪಟ್ಟು, ಮೂರು ಪಟ್ಟು. ಇದಿಷ್ಟು ಕೇಳಿ ಸಂಘದ ಗಂಡಸರು ನಕ್ಕರು. "ಮೆಂತಿಗೂ ದಮ್ಮ ಬರತೈತಿ ಅನ್ರಿ" ಎಂದ ಒಬ್ಬ. ನನಗೆ ನಗು ಬರಲಿಲ್ಲ. ಜ್ವರ ಬಂದ ಕೂಸಿನ ಎದೆ ಕಣ್ಣ ಮುಂದೆ ಬಂತು.

ಸೊಪ್ಪು ಬೆಳೆಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಹಳ್ಳದ ಆಚೆ ಕಾಲುವೆಯ ಬದಿಗೆ ತುಂಡು ತುಂಡು ಹೊಲ ಇದ್ದವರು. ಅವರನ್ನೆಲ್ಲ ಕೂಡಿಸಿದವಳು ಗಂಡನಿಲ್ಲದ ಒಬ್ಬಳು, ನನಗಿಂತ ಬಹಳ ಚಿಕ್ಕವಳು, ಬಾಯಿ ಜೋರು; ನರ್ಸಾಗಿದ್ದ ನನ್ನನ್ನು ಬಾಯಾರ ಎನ್ನುತ್ತಿದ್ದಳು. ಅವಳ ಗುಂಪಿನವರು ಅದುವರೆಗೆ ಅಧ್ಯಕ್ಷರ ಕಬ್ಬಿನಲ್ಲಿ ಕಸ ತೆಗೆಯುವ ಕೂಲಿಯವರು. ಸ್ವಂತ ತುಂಡಿನಲ್ಲಿ ಬೆಳೆದ ಮೆಂತೆಯನ್ನು ತಲೆಯ ಮೇಲೆ ಹೊತ್ತು ನಿಡಗುಂದಿ ಬಸ್‌ಸ್ಟ್ಯಾಂಡಿನಲ್ಲಿ ಮಾರುತ್ತಿದ್ದರು. ಮಧ್ಯಾಹ್ನದೊಳಗೆ ಮಾರದೆ ಉಳಿದದ್ದು ಎಮ್ಮೆಗೆ. ಗೋವೆಯ ಗಾಡಿ ನಿಂತರೆ ಇನ್ನೊಬ್ಬರ ಕಬ್ಬಿಗೆ ಹೋಗಬೇಕಿಲ್ಲ. ಅವಳ ಲೆಕ್ಕ ಇಷ್ಟೇ, ಅದನ್ನು ಅವಳು ಎಲ್ಲರೆದುರಿಗೂ ಹೇಳುತ್ತಿದ್ದಳು.

ಮೊದಲ ದಿನ ಅವಳು ಸೊಪ್ಪನ್ನು ತನ್ನ ರೂಢಿಯಂತೆಯೇ ತಂದಳು: ಸೂಡು ಬಿಗಿಯಾಗಿ ಕಟ್ಟಿ, ಕೊಡದ ನೀರು ಸುರಿದು, ತಟ್ಟಿನ ಚೀಲದಲ್ಲಿ ಒತ್ತಿ ತುಂಬಿ, ಮೇಲೆ ಇನ್ನೊಂದು ಹಸಿ ತಟ್ಟು. ನೋಡಲು ತಂಪು. ನಾನು ಅವಳ ಕೈ ಹಿಡಿದು ಚೀಲದ ನಡುವೆ ತೂರಿಸಿದೆ.

"ಅಯ್ಯ ಯವ್ವಾ, ಒಳಗ ಒಲಿ ಹಚ್ಚ್ಯಾರೇನ್ರಿ ಬಾಯಾರ?"

"ನೀನ ಹಚ್ಚೀದಿ. ಅದು ಉಸುರಾಡಾಕತ್ತೈತಿ. ಬಿಗಿಯಾಗಿ ಕಟ್ಟಿ, ಬಿಸಿ ಹೊರಗ ಹೋಗಾಕ ಹಾದಿ ಇಲ್ಲ."

"ಕಿತ್ತ ಮ್ಯಾಲ ಸತ್ತಂಗ ಅಂತ ತಿಳದಿದ್ನಿರಿ."

"ಸತ್ತಿಲ್ಲ. ಆಸ್ಪತ್ರ್ಯಾಗ ಮಂದಿ ಉಸುರು ಎಣಸತಿದ್ನಿ, ಇಲ್ಲಿ ನಮ್ಮ ಕೆಲಸ ಅದನ್ನ ನಿಧಾನ ಉಸುರಾಡೂ ಹಂಗ ಮಾಡೂದು."

"ಬಾಯಾರ ಆಸ್ಪತ್ರಿ ಬಿಟ್ರೂ ಆಸ್ಪತ್ರಿ ಬಾಯಾರನ್ನ ಬಿಡವಲ್ದು" ಎಂದು ಹಿಂದಿನವಳಿಗೆ ಹೇಳಿ ನಕ್ಕಳು. ಆದರೆ ಮರುಸಲ ಸೂಡು ಸಡಿಲವಾಗಿತ್ತು.

ಮುಂದೆ ನಿಯಮಗಳು ಒಂದೊಂದಾಗಿ ಕೂತವು. ಸೂರ್ಯ ಏರುವ ಮೊದಲೇ ಕೀಳಬೇಕು, ಆಗ ಎಲೆಯೊಳಗೇ ರಾತ್ರಿಯ ತಂಪು ಇರುತ್ತದೆ. ಅದು ಪುಕ್ಕಟೆ ಸಿಗುವ ತಂಪು. ಬೇರಿನ ಮಣ್ಣು ಜಾಡಿಸಿ, ಹಳದಿ ಎಲೆ ಆರಿಸಿ, ತೂತಿರುವ ಕ್ರೇಟಿನಲ್ಲಿ ಒತ್ತದೆ ಜೋಡಿಸಿ ನೆರಳಿನಲ್ಲಿಡಬೇಕು. ಎತ್ತಿನ ಚಕ್ಕಡಿ ಬಂದು ಎಲ್ಲರ ಕ್ರೇಟನ್ನೂ ಹೇರಿಕೊಂಡು ಬಿಸಿಲಿಗೆ ಮುಂಚೆ ಕೋಣೆ ಮುಟ್ಟಬೇಕು. ಕೋಣೆಯಲ್ಲಿ ಕ್ರೇಟುಗಳನ್ನು ಎರಡು ಸಾಲಾಗಿ ಪೇರಿಸಿ, ನಡುವಿನ ಓಣಿಯ ಮೇಲೆ ತಾಡಪತ್ರಿ ಹೊದಿಸಿ, ಒಂದು ತುದಿಯಲ್ಲಿ ದೊಡ್ಡ ಫ್ಯಾನು ಹಚ್ಚುತ್ತಿದ್ದೆವು. ಫ್ಯಾನು ಓಣಿಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೋಣೆಯ ತಣ್ಣನೆ ಗಾಳಿಗೆ ಬೇರೆ ದಾರಿಯಿಲ್ಲದೆ ಕ್ರೇಟಿನ ತೂತುಗಳ ಮೂಲಕ, ಎಲೆಗಳ ಸಂದಿನಲ್ಲೇ ಹಾದು ಬರಬೇಕಾಗುತ್ತದೆ. ಸುಮ್ಮನೆ ತಂಪು ಕೋಣೆಯಲ್ಲಿಟ್ಟರೆ ಇಡೀ ದಿನ ಹಿಡಿಯುವ ಕೆಲಸ ಒಂದೆರಡು ತಾಸಿನಲ್ಲಿ ಆಗುತ್ತಿತ್ತು. ಆ ಗಾಳಿಗೆ ಎಲೆ ಒಣಗಬಾರದೆಂದು ನೆಲಕ್ಕೆ ನೀರು ಚೆಲ್ಲುತ್ತಿದ್ದೆ. ಸೂಡಿನ ನಡುವೆ ಚುಚ್ಚಿದ ಥರ್ಮಾಮೀಟರು ನಾಲ್ಕೈದು ಡಿಗ್ರಿಗೆ ಇಳಿದ ಮೇಲೆಯೇ ಗಾಡಿಯ ಬಾಗಿಲು ತೆಗೆಸುತ್ತಿದ್ದೆ. ಗಾಡಿಯ ಚಾಲಕ ಬೆಳಗಾವಿಯ ಹುಡುಗಾಟದ ಮನುಷ್ಯ, ಮರಾಠಿಯಲ್ಲಿ ಚಿಕ್ಕಮ್ಮ ಎಂದಂತೆ ನನ್ನನ್ನು ಮಾವಶಿ ಎನ್ನುತ್ತಿದ್ದ. "ಮಾವಶಿ, ನಿಮ್ಮ ಮೆಂತಿಗೆ ಇರೂ ಥಂಡಿ ನನ್ನ ಲಗ್ನದಾಗ ಐಸ್‌ಕ್ರೀಮಿಗೂ ಇದ್ದಿದ್ದಿಲ್ಲ ನೋಡ್ರಿ."

ಗೋವೆಯಿಂದ ದೂರು ಬರಲಿಲ್ಲ. ಗುಂಪಿನವರು ಒಬ್ಬೊಬ್ಬರಾಗಿ ಕಬ್ಬಿನ ಕೂಲಿ ಬಿಟ್ಟರು. ಅಧ್ಯಕ್ಷರು ಒಂದು ದಿನ ಕೋಣೆಯ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತ ಗುಂಪು ಕೂಡಿಸಿದ ಅವಳನ್ನು ಕೇಳಿದರು:

"ಏನವಾ, ಮೆಂತಿ ಮಾರಿ ಎಲ್ಲಾರೂ ಸಾವ್ಕಾರ್ತ್ಯಾರಾದ್ರ ನನ್ನ ಕಬ್ಬಿನಾಗಿನ ಕಸಾ ಯಾರ ತಗೀಬೇಕು?"

"ನೀವೂ ಒಂದ ಸಾಲ ತಗೀರಿ ಸಾವ್ಕಾರ್ರ. ಮೈಗೆ ಛಲೋ" ಎಂದಳು ಅವಳು.

ಎಲ್ಲರೂ ನಕ್ಕರು, ಅವರೂ ನಕ್ಕರು. ಆ ನಗು ನನಗೆ ಆಗಲೇ ಸರಿಬರಲಿಲ್ಲ ಎಂದು ಬರೆದರೆ ಸುಳ್ಳಾದೀತು. ನಾನೂ ನಕ್ಕಿದ್ದೆ.

ಮಳೆಗಾಲ ಮುಗಿದು ಗೋವೆಯಲ್ಲಿ ಪ್ರವಾಸಿಗರು ತುಂಬತೊಡಗಿದಾಗ ವ್ಯಾಪಾರಿ ಗಾಡಿಯ ದಿನ ಬದಲಿಸಿದ. ಮಂಗಳವಾರ, ಶುಕ್ರವಾರ ಬರುತ್ತಿದ್ದ ಗಾಡಿ ಇನ್ನು ಸೋಮವಾರ, ಗುರುವಾರ ಬರುತ್ತದೆ ಎಂದ.

ನಮ್ಮ ಸೀಮೆಯವರಿಗೆ ತೊಡಕು ತಕ್ಷಣ ತಿಳಿಯುತ್ತದೆ. ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವುದಿಲ್ಲ. ಚಕ್ಕಡಿಗೂ ಇಲ್ಲ, ಗಳೆಗೂ ಇಲ್ಲ. ಎಂಥ ಅವಸರವಿದ್ದರೂ ಕೊರಳಿಗೆ ನೊಗ ಇಡುವವರಿಲ್ಲ. ನಾನೂ ಆ ಮಣ್ಣಿನವಳೇ, ಆ ಪದ್ಧತಿಯನ್ನು ತಪ್ಪೆನ್ನುವುದಿಲ್ಲ. ವಾರವಿಡೀ ದುಡಿದ ಪ್ರಾಣಿಗೆ ಒಂದು ದಿನ ಬಿಡುವು ಕೊಟ್ಟವರು ಬುದ್ಧಿವಂತರು. ಭಾನುವಾರ ಸಂಜೆಯೇ ಕಿತ್ತು ತರೋಣವೆಂದರೆ ಸಂಜೆಯ ಎಲೆಯಲ್ಲಿ ಹಗಲೆಲ್ಲ ಕುಡಿದ ಬಿಸಿಲು ಇರುತ್ತದೆ. ಜೊತೆಗೆ ರಾತ್ರಿ ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಜನರೇಟರಿಗೆ ರಾತ್ರಿಯ ಡೀಸೆಲ್ ಕೊಡಲು ಸಂಘ ಒಪ್ಪಲಿಲ್ಲ. ಉಳಿದದ್ದು ಟ್ರ್ಯಾಕ್ಟರು. ಹಳ್ಳದ ಆಚೆ ಟ್ರ್ಯಾಕ್ಟರ್ ಇದ್ದದ್ದು ಅಧ್ಯಕ್ಷರಿಗೊಬ್ಬರಿಗೇ.

ಸಭೆಯಲ್ಲಿ ಅವರು ಎದೆ ತಟ್ಟಿಕೊಂಡರು. "ಸೋಮಾರಕ್ಕೊಮ್ಮೆ ನನ್ನ ಟ್ರ್ಯಾಕ್ಟರ್ ಬರತೈತಿ. ನನ್ನ ಮಾತ ಅಂದ್ರ ಮಾತ."

ಮಾತು ಕೆಲವು ಸೋಮವಾರ ನಡೆಯಿತು.

ಆ ಸೋಮವಾರ ನಾನು ಎಂದಿನಂತೆ ಬೆಳಗಿನ ಮೊದಲ ಬಸ್ಸಿಗೆ ಇಳಿದು, ಕೋಣೆ ತೆಗೆದು, ಯಂತ್ರ ಹಚ್ಚಿದೆ. ರಸ್ತೆಯ ಈಚೆ, ಕೋಣೆಗೆ ಹತ್ತಿರವಿದ್ದ ಹೊಲಗಳವರು ಕೊತ್ತಂಬರಿಯನ್ನು ಸೈಕಲ್ಲಿನ ಮೇಲೆ, ತಲೆಯ ಮೇಲೆ ತಂದು ಒಪ್ಪಿಸಿದರು. ಅದು ಫ್ಯಾನಿನ ಮುಂದೆ ತಣ್ಣಗಾಗಿ, ಚಾಲಕ ಬಂದ ಮೇಲೆ ಗಾಡಿಯನ್ನೂ ಏರಿತು. ಹಳ್ಳದ ಆಚೆಯ ಮೆಂತೆ ಬರಲಿಲ್ಲ. ಬಿಸಿಲು ಏರಿತು. ದಸರೆ ದಾಟಿದ ನಮ್ಮ ಕಡೆಯ ಬಿಸಿಲು ಬೇಸಿಗೆಗೆ ಸಾಟಿ.

ಅತ್ತ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. ನಸುಕಿನಲ್ಲೇ ಕಿತ್ತು, ಕ್ರೇಟುಗಳನ್ನು ಜಾಲಿಯ ನೆರಳಿಗೆ ಸಾಲಾಗಿಟ್ಟು ಕಾದಿದ್ದಾರೆ. ಟ್ರ್ಯಾಕ್ಟರ್ ಇಲ್ಲ. ಅಧ್ಯಕ್ಷರ ವಾಡೆಗೆ ಓಡಿದರೆ ಆಳುಮಗ ಹೇಳಿದ: ಮುದ್ದೇಬಿಹಾಳದ ಬೀಗರ ಮನೆಯಲ್ಲಿ ಸೀಮಂತ, ಮನೆಯ ಹೆಣ್ಣುಮಕ್ಕಳನ್ನೂ ಬುತ್ತಿಯ ಬುಟ್ಟಿಗಳನ್ನೂ ಟ್ರೇಲರಿನಲ್ಲಿ ಕೂರಿಸಿಕೊಂಡು ಹೋಗಿದ್ದಾರೆ, ಹೊತ್ತೇರಿದ ಮೇಲೆ ಬರುತ್ತಾರೆ. ಇವಳು ತನ್ನ ಮೈದುನನ ಬಾಗಿಲಿಗೆ ಹೋದಳು. ಅವನ ಎತ್ತುಗಳು ಗೋದಲಿಯಲ್ಲಿ ಕಣಿಕೆ ಮೇಯುತ್ತಿದ್ದವು.

"ಇವತ್ತೊಂದ ದಿನ ಚಕ್ಕಡಿ ಹೂಡೋ ತಮ್ಮಾ. ಹಳ್ಳಾ ದಾಟಿಸಿ ಬಿಟ್ಟಬಿಡು."

"ಸೋಮಾರ ಐತಲ್ಲ ವೈನಿ. ನಾಳೆ ಬೇಕಂದ್ರ ನಸಿಕಿಲೇನ ಹೂಡತೇನಿ."

"ನಾಳೆ ಮೆಂತಿಗೆ ತಿಥಿ ಮಾಡಾಕ ಹೂಡತೀಯೇನ? ಎತ್ತಿಗೆ ಸೋಮಾರ ಐತಿ. ನಮಗ ಯಾವ ವಾರ ಐತಿ ಹೇಳು."

ಅವನು ತಲೆ ತಗ್ಗಿಸಿದನಂತೆ, ನೊಗ ಮುಟ್ಟಲಿಲ್ಲ. ಒಂದಿಷ್ಟು ಕ್ರೇಟುಗಳನ್ನು ಹೆಂಗಸರು ತಲೆಯ ಮೇಲೆ ಹೊತ್ತು ಹೊರಟರು. ದಾರಿ ದೂರ, ಹೊರುವವರಿಗಿಂತ ಹೊರೆ ಹೆಚ್ಚು, ಹಳ್ಳದಿಂದಲೇ ತಿರುಗಿ ಬಂದರು. ಜಾಲಿಯ ನೆರಳು ಸರಿಯುತ್ತ ಹೋಯಿತು. ಕಾದು ಕಂಗಾಲಾದ ಹೆಂಗಸರು ಹಳೆಯ ರೂಢಿಗೇ ಬಿದ್ದರು. ಕ್ರೇಟಿನ ಸೊಪ್ಪನ್ನೆಲ್ಲ ಒಂದೆಡೆ ಒಟ್ಟಿ, ಕಾಲುವೆಯ ನೀರು ಸುರಿದು, ತಟ್ಟು ಮುಚ್ಚಿದರು. ಇವಳು ಇನ್ನೊಮ್ಮೆ ವಾಡೆಗೆ ಹೋಗಿ ಮರಳಿ ಬಂದು ಕೂಗಾಡಿ ರಾಶಿ ಬಿಚ್ಚಿಸುವಷ್ಟರಲ್ಲಿ ಹೊತ್ತು ಮೀರಿತ್ತು.

ಮಧ್ಯಾಹ್ನ ದಾಟಿದ ಮೇಲೆ ಟ್ರ್ಯಾಕ್ಟರ್ ಬಂತು, ಮೆಂತೆಯೂ ಬಂತು. ಮೇಲಿನ ಎಲೆ ಹಸಿರಾಗಿ, ನೀರು ಹನಿಯುತ್ತ, ನೋಡುವವರಿಗೆ ತಾಜಾ ಕಾಣುತ್ತಿತ್ತು. ಥರ್ಮಾಮೀಟರ್ ಚುಚ್ಚಿದೆ. ಪಾದರಸ ಏರುತ್ತ ಹೋಗಿ, ವಾರ್ಡಿನಲ್ಲಾಗಿದ್ದರೆ ಹಣೆಗೆ ಒದ್ದೆ ಬಟ್ಟೆ ಹಾಕಿಸುತ್ತಿದ್ದೆನಲ್ಲ, ಆ ಅಂಕಿಗೆ ನಿಂತಿತು. ಒಳಗಿನ ಎಲೆಗಳು ಬೆರಳಿಗೆ ಮೆತ್ತಗೆ ಹತ್ತಿದವು. ಹಸಿ ಮೆಂತೆಯ ವಾಸನೆಗೆ ಬದಲು ಬೇಯಿಸಿದ ಸೊಪ್ಪಿನ ವಾಸನೆ.

ಇದನ್ನು ಇಳಿಸಲು ಫ್ಯಾನಿನ ಮುಂದೆ ಸಂಜೆಯವರೆಗೆ ಇಡಬೇಕು. ಚಾಲಕ ಅಷ್ಟು ನಿಲ್ಲುವಂತಿಲ್ಲ, ನಸುಕಿಗೆ ಗೋವೆ ಮುಟ್ಟಬೇಕು. ಇಟ್ಟರೂ ಈಗಾಗಲೇ ಸುಟ್ಟುಕೊಂಡ ಸಕ್ಕರೆ ಮರಳಿ ಬರುವುದಿಲ್ಲ. ತಂಪು ಮಾಡಿದರೆ ಮುಂದಿನ ಕೇಡು ನಿಧಾನವಾಗುತ್ತದೆ, ಆದ ಕೇಡು ಅಳಿಯುವುದಿಲ್ಲ.

ಅವಳಿಗೆ ಹೇಳಿದೆ: "ಇದು ಹೋಗಬಾರದು. ಗಾಡ್ಯಾಗಿನ ಕೊತ್ತಂಬರಿ ಅಷ್ಟ ಹೋಗಲಿ."

ಅವಳು ರಾಶಿಯನ್ನು ನೋಡಿದಳು, ಹಿಂದೆ ನಿಂತಿದ್ದ ತನ್ನ ಹೆಂಗಸರನ್ನು ನೋಡಿದಳು. ಒಬ್ಬಾಕೆ "ಇಷ್ಟೆಲ್ಲಾ ಎಮ್ಮಿಗೇನ?" ಎಂದಳು.

"ಎಮ್ಮಿಗೇ. ಇವತ್ತಿಂದ ಹೋದ್ರ ಇವತ್ತಿಂದಷ್ಟ ಹೋಗತೈತಿ. ಕೆಟ್ಟದ್ದ ಕಳಿಸಿದ್ರ ಗಾಡೀನ ಹೋಗತೈತಿ. ಬಾಯಾರ ಬ್ಯಾಡ ಅಂದ್ರ ಬ್ಯಾಡ."

ಆ ಮಾತಿಗೆ ಎಂಥ ಗಟ್ಟಿತನ ಬೇಕೆಂದು ಆ ದಿನ ಅಲ್ಲಿದ್ದವರಿಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಅಧ್ಯಕ್ಷರು ಜೀಪಿನಿಂದ ಇಳಿದರು. ಸೀಮಂತದೂಟ ಮುಗಿಸಿ, ಬಾಯಲ್ಲಿ ಎಲೆ, ಹಣೆಯಲ್ಲಿ ಹೊಸ ವಿಭೂತಿ, ಹೆಗಲಿಗೆ ಬೀಗರು ಹೊದಿಸಿದ ಟಾವೆಲು.

"ಯಾಕ್ರೀ ಸಿಸ್ಟರ್, ಗಾಡಿ ನಿಂತೈತಿ? ಹೇರ್ರಿ ಹೇರ್ರಿ."

"ಬಿಸಿ ಐತ್ರಿ. ಹೇರಾಕ ಬರೂದಿಲ್ಲ."

"ಗಾಡೀನ ಫ್ರಿಜ್ ಐತಲ್ಲ! ಬಿಸಿ ಇದ್ರ ಹೋಗ್ತಾ ಹೋಗ್ತಾ ತಂಪಾಗತೈತಿ. ಹಾಲಿನ ಪಾತೇಲಿ ಫ್ರಿಜ್‌ನ್ಯಾಗ ಇಡೂದಿಲ್ಲೇನ?"

"ಗಾಡಿ ಯಂತ್ರ ತಂಪ ಇದ್ದದ್ದನ್ನ ತಂಪ ಕಾಯಾಕ ಅಷ್ಟ ಐತ್ರಿ. ಬಿಸಿ ಇಳಸೂ ಕಸುವು ಅದಕ್ಕಿಲ್ಲ. ಮ್ಯಾಲ ಈ ಮೆಂತಿ ಹಾದಿಯುದ್ದಕ್ಕೂ ತಾನ ಶಾಖ ಉಗುಳ್ಕೊಂತ ಹೋಗತೈತಿ. ಇದರ ಆವಿ ಹೋಗಿ ಆ ತಣ್ಣನ ಕೊತ್ತಂಬರಿ ಮ್ಯಾಲ ನೀರಾಗಿ ಇಳೀತೈತಿ. ಎರಡೂ ಕೊಳೀತಾವ."

"ಹೌದ್ರಿ ಸಾವ್ಕಾರ್ರ," ಎಂದ ಚಾಲಕ, "ನನ್ನ ಗಾಡಿ ಅಷ್ಟ ಗಟ್ಟಿ ಇಲ್ರಿ."

"ನಿನ್ನನ್ಯಾರ ಕೇಳ್ಯಾರ?" ಅಧ್ಯಕ್ಷರು ಎಲೆಯಡಿಕೆ ಉಗುಳಿದರು. "ನಾ ಗೋವಾದಂವಗ ಮಾತ ಕೊಟ್ಟೇನಿ. ಅರ್ಧಾ ಗಾಡಿ ಕಳಿಸಿ ಮಾತ ಕಳಕೊಳ್ಲಿ? ಸಿಸ್ಟರ್, ನೀವ ಆಸ್ಪತ್ರ್ಯಾಗ ಛಲೋ. ಇದು ವ್ಯಾಪಾರ."

"ಮೆಂತಿ ನಮ್ಮದ್ರಿ. ನಾವ ಕೊಡೂದಿಲ್ಲ," ಎಂದಳು ಅವಳು.

"ಕೋಣಿ ಯಾರದವಾ? ಗಾಡಿ ಕರಸ್ದಂವ ಯಾರು?"

ಅವಳು ಕ್ರೇಟುಗಳಿಗೆ ಅಡ್ಡ ನಿಂತಳು. ಅಧ್ಯಕ್ಷರ ಆಳುಗಳು ಅವಳನ್ನು ಮುಟ್ಟಲಿಲ್ಲ, ಬಳಸಿಕೊಂಡು ಹೋಗಿ ಹೇರಿದರು. ನಾನು ಗಾಡಿಯ ಬಾಗಿಲಿಗೆ ಕೈ ಅಡ್ಡ ಇಟ್ಟೆ. "ಕೈ ತಗೀರಿ ಸಿಸ್ಟರ್, ಬಾಗಲಾ ತೆರದಷ್ಟೂ ನಿಮ್ಮ ತಂಪ ಹೊರಗ ಹೋಗತೈತಿ" ಎಂದರು ಅಧ್ಯಕ್ಷರು, ನಾನು ಕಲಿಸಿದ ಪಾಠವನ್ನೇ ನನಗೆ ಒಪ್ಪಿಸುತ್ತ. ಆಳುಗಳು ನಕ್ಕರು. ಗಾಡಿ ಹೋಯಿತು.

ಮರುದಿನ ಎಸ್‌ಟಿಡಿ ಬೂತಿಗೆ ಫೋನು ಬಂತು. ಮೆಂತೆ ಹಳದಿಯಾಗಿ ಲೋಳೆ ಬಿಟ್ಟಿತ್ತು, ಕೊತ್ತಂಬರಿ ಕಪ್ಪಾಗಿತ್ತು, ಗಾಡಿಯ ಬಾಗಿಲು ತೆಗೆದಾಗ ಹೋಟೆಲಿನವರು ಮೂಗು ಮುಚ್ಚಿಕೊಂಡರಂತೆ. ಗುರುವಾರ ಗಾಡಿ ಬರುವುದಿಲ್ಲ ಎಂದ ವ್ಯಾಪಾರಿ. ಆ ಗುರುವಾರವಷ್ಟೇ ಅಲ್ಲ, ಮತ್ತೆಂದೂ ಬರಲಿಲ್ಲ. ನಾನೇ ಫೋನು ಮಾಡಿ ನಡೆದದ್ದನ್ನು ಹೇಳಿದೆ. "ಬಾಯಿ, ನಿಮ್ಮ ಮಾತ ಖರೇ ಇರಬಹುದು. ಖರೇ ಮಾತ ನನ್ನ ಗಿರಾಕಿ ತಿನ್ನೂದಿಲ್ಲ" ಎಂದು ಇಟ್ಟ.

ಸಂಘದ ಸಭೆಯಲ್ಲಿ ಕಾರಣ ಹುಡುಕಿದರು. ಹೆಣ್ಣುಮಕ್ಕಳು ಕಾಲುವೆಯ ಹೊಲಸು ನೀರು ಸುರಿದರು, ಅದರಿಂದ ಕೊಳೆಯಿತು ಎಂದರು ಅಧ್ಯಕ್ಷರು. ನೀರು ಸುರಿದದ್ದು ನಿಜ. ನಿಜದ ತುಂಡೊಂದನ್ನು ಹಿಡಿದು ಉಳಿದದ್ದನ್ನೆಲ್ಲ ಮುಚ್ಚುವ ಜಾಣತನ ಅವರಲ್ಲಿತ್ತು. ನಾನು ಎದ್ದು ಟ್ರ್ಯಾಕ್ಟರಿನ ಮಾತು, ಮಧ್ಯಾಹ್ನದ ಬಿಸಿಯ ಮಾತು, ಬೇಡವೆಂದರೂ ಹೇರಿದ ಮಾತು ಹೇಳಿದೆ. ನೆಲ ನೋಡುತ್ತ ಕೂತಿದ್ದವರಲ್ಲಿ ಅವಳ ಮೈದುನನೂ ಇದ್ದ. ಚಹಾ ಬಂತು. ಕುಡಿದರು. ನಾನು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಸ್‌ಸ್ಟ್ಯಾಂಡಿಗೆ ಬಂದೆ.

ಅಧ್ಯಕ್ಷರು ಬೇಕೆಂತಲೇ ಟ್ರ್ಯಾಕ್ಟರ್ ಒಯ್ದರೇ ಎಂದು ಆಮೇಲೆ ಹಲವರು ನನ್ನನ್ನು ಕೇಳಿದ್ದಾರೆ. ನನಗೆ ಗೊತ್ತಿಲ್ಲ. ಬೇಕೆಂದು ಮಾಡಿದ್ದರೆ ಅವರಿಗೆ ಅವಳ ಮೇಲೆ ಲಕ್ಷ್ಯವಾದರೂ ಇತ್ತೆನ್ನಬಹುದಿತ್ತು. ಮರೆತಿದ್ದರು ಎಂದೇ ನನ್ನ ಅನಿಸಿಕೆ. ಸೀಮಂತ ನೆನಪಿತ್ತು, ಬುತ್ತಿ ನೆನಪಿತ್ತು, ಹಳ್ಳದ ಆಚೆಯ ಹೆಂಗಸರು ನೆನಪಿರಲಿಲ್ಲ. ಇದೇ ನನಗೆ ಹೆಚ್ಚು ಕಹಿ.

ಮುಂದಿನ ಮಳೆಗಾಲದಲ್ಲಿ ಆ ದಾರಿಯಲ್ಲಿ ಹೋಗುವ ಕೆಲಸ ಬಿತ್ತು. ತಂಪು ಕೋಣೆಯ ಬಾಗಿಲಿಗೆ ಗೊಬ್ಬರದ ಚೀಲ ಒರಗಿಸಿದ್ದರು. ಅಧ್ಯಕ್ಷರ ಕಬ್ಬಿನ ಸಾಲಿನಲ್ಲಿ ಹೆಂಗಸರು ಬಾಗಿ ಕಸ ತೆಗೆಯುತ್ತಿದ್ದರು. ಬದುವಿನ ಬೇವಿನ ಕೆಳಗೆ ಅಧ್ಯಕ್ಷರ ಎತ್ತುಗಳು ಮಲಗಿ ಮೆಲುಕಾಡುತ್ತಿದ್ದವು. ವಾರ ಯಾವುದೆಂದು ಕೇಳಬೇಕಿರಲಿಲ್ಲ.

ಅವಳು ನನ್ನನ್ನು ನೋಡಿ, ಕಸ ತೆಗೆಯುವ ಕುರ್ಚಿಗಿಯನ್ನು ಸೊಂಟಕ್ಕೆ ಸಿಗಿಸಿಕೊಂಡು, ಸೆರಗಿನಿಂದ ಮುಖ ಒರೆಸುತ್ತ ಬದುವಿಗೆ ಬಂದಳು. ಏದುಸಿರು ಬಿಡುತ್ತಿದ್ದಳು. ನನ್ನ ಕಣ್ಣು ರೂಢಿಯಂತೆ ಅವಳ ಎದೆಯ ಮೇಲೆ ಹೋಯಿತು.

"ಎಣಸಬ್ಯಾಡ್ರಿ ಬಾಯಾರ," ಎಂದಳು. "ಎಣಿಸಿ ಯಾವ ಕೋಣ್ಯಾಗ ಇಡತೀರಿ?"

ಬದುವಿನ ನೆರಳಲ್ಲಿದ್ದ ಬುಟ್ಟಿಯಿಂದ ಒಂದು ಸೂಡು ಮೆಂತೆ ತೆಗೆದು ಕೊಟ್ಟಳು. ಮನೆಯ ಮಟ್ಟಿಗೆ ಹಿತ್ತಲಲ್ಲಿ ಬೆಳೆದದ್ದು. ನಸುಕಿನಲ್ಲಿ ಕಿತ್ತದ್ದು, ಮಣ್ಣು ಜಾಡಿಸಿದ್ದು, ಸಡಿಲವಾಗಿ ಕಟ್ಟಿದ್ದು, ನೀರು ಸೋಕಿಸಿರಲಿಲ್ಲ. ಬೆರಳು ತೂರಿಸಿ ನೋಡಿದೆ, ನಡುವೆಯೂ ತಣ್ಣಗಿತ್ತು.

"ಕಲಿಸಿದ್ದ ಮರ್ತಿಲ್ರಿ," ಎಂದು ಸಾಲಿಗೆ ಮರಳಿದಳು.

ಮನೆ ಮುಟ್ಟುವವರೆಗೂ ಒಂದೆಲೆ ಬಾಡಲಿಲ್ಲ. ಆ ರಾತ್ರಿ ಅದನ್ನು ಬೇಳೆಗೆ ಹಾಕಿದೆ, ಒಂದು ತುತ್ತು ಉಂಡು ಉಳಿದದ್ದನ್ನು ಮುಚ್ಚಿಟ್ಟೆ.